ರಾತ್ರಿ ಒಂದು ಗಂಟೆಗೆ ಟ್ಯಾಂಕಿನ ಅಳತೆ

ರಾತ್ರಿ ಒಂದು ಗಂಟೆ. ಹಾಸ್ಟೆಲ್ಲಿನ ತಾರಸಿಯ ಮೇಲೆ ಇಬ್ಬರು ವಿದ್ಯಾರ್ಥಿಗಳು, ಜೊತೆಗೊಬ್ಬ ವಾಚ್‌ಮನ್, ಒಂದು ಟಾರ್ಚು. ಟ್ಯಾಂಕಿನ ಮುಚ್ಚಳ ಸರಿಸಿ, ಚೆನ್ನಾಗಿ ತೊಳೆದು ಸೆಂಟಿಮೀಟರ್ ಗುರುತು ಹಾಕಿದ ಕೋಲನ್ನು ತಳ ಮುಟ್ಟುವವರೆಗೆ ನೆಟ್ಟಗೆ ಇಳಿಸುತ್ತಾರೆ. ಎತ್ತಿದಾಗ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮತ್ತೆ ನಾಲ್ಕು ಗಂಟೆಗೆ ಇದೇ ಕೆಲಸ. ಕಾಲೇಜಿನ ನೀರಿನ ಬಗ್ಗೆ ಏನಾದರೂ ಮಾಡಬೇಕೆಂದು ಹೊರಟ ವಿದ್ಯಾರ್ಥಿ ತಂಡಕ್ಕೆ ಮೊದಲ ಕೆಲಸವಾಗಿ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಹೆಚ್ಚು ತಿಳಿಸುವಂಥದ್ದು ಇನ್ನೊಂದಿಲ್ಲ.

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಎಸ್‌ಎಸ್, ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಅದರ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಈ ಗಂಟೆಗಳ ದೊಡ್ಡ ಪಾಲು ಜಾಥಾ, ಘೋಷಣೆ, ಗೋಡೆಬರಹಗಳಲ್ಲೇ ಕಳೆದುಹೋಗುವುದುಂಟು. ‘ನೀರು ಉಳಿಸಿ’ ಎಂಬ ಹಲಗೆಯ ಕೆಳಗೇ ನಲ್ಲಿ ತೊಟ್ಟಿಕ್ಕುವ ದೃಶ್ಯ ಕಾಣದ ಕಾಲೇಜು ಅಪರೂಪ. ಹಲಗೆಯನ್ನು ಓದುವವರು ವಿದ್ಯಾರ್ಥಿಗಳು, ವಾಷರ್ ಅದನ್ನು ಓದುವುದಿಲ್ಲ.

ನಡುರಾತ್ರಿಯ ಅಳತೆಗೆ ಕಾರಣ ಸರಳ. ಆ ಹೊತ್ತಿನಲ್ಲಿ ಸ್ನಾನ, ಬಟ್ಟೆ, ಪಾತ್ರೆಯ ಗಲಾಟೆ ಇರುವುದಿಲ್ಲ. ಪಂಪು ನಿಂತಿರುತ್ತದೆ, ಅಥವಾ ನಿಲ್ಲಿಸಿರಬೇಕು. ಆಗಲೂ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ನೀರು ಯಾರ ಉಪಯೋಗಕ್ಕೂ ಬಾರದೆ ಎಲ್ಲೋ ಹೋಗುತ್ತಿದೆ ಎಂದರ್ಥ. ಪ್ರತ್ಯೇಕ ಮೀಟರ್ ಬೇಕಿಲ್ಲ, ಟ್ಯಾಂಕೇ ಮೀಟರು.

ಒಂದು ಲೆಕ್ಕ ಹಾಕಿ ನೋಡೋಣ. 200 ಜನರ ಹಾಸ್ಟೆಲ್ ಎಂದಿಟ್ಟುಕೊಳ್ಳಿ. ತಾರಸಿಯ ಸಿಮೆಂಟ್ ಟ್ಯಾಂಕಿನ ಒಳಅಳತೆ 5 ಮೀಟರ್ ಉದ್ದ, 3 ಮೀಟರ್ ಅಗಲ. ತಳದ ವಿಸ್ತೀರ್ಣ 15 ಚದರ ಮೀಟರ್ ಆದ್ದರಿಂದ ನೀರು ಒಂದು ಸೆಂಟಿಮೀಟರ್ ಇಳಿದರೆ 150 ಲೀಟರ್ ಹೋಯಿತು. ಒಂದರಿಂದ ನಾಲ್ಕು ಗಂಟೆಯೊಳಗೆ ಮಟ್ಟ 6 ಸೆಂಟಿಮೀಟರ್ ಇಳಿದಿದೆ, ಅಂದರೆ 900 ಲೀಟರ್. ಇದಿಷ್ಟೂ ಸೋರಿಕೆಯಲ್ಲ, ಹಾಸ್ಟೆಲ್ಲಿನಲ್ಲಿ ರಾತ್ರಿಯೂ ಜನ ಎದ್ದು ಓಡಾಡುತ್ತಾರೆ. ಹಾಗಾಗಿ ಪ್ರತಿ ಮಹಡಿಯ ಶೌಚಾಲಯದ ಹೊರಗೆ ಒಬ್ಬರು ಕುಳಿತು ಫ್ಲಷ್ ಆದಾಗಲೆಲ್ಲ ಗೆರೆ ಎಳೆಯಬೇಕು. ಪರೀಕ್ಷೆಯ ಮುಂಚಿನ ವಾರವಾದರೆ ಇಂಥವರನ್ನು ಹುಡುಕುವುದು ಕಷ್ಟವೇನಲ್ಲ, ಎಲ್ಲರೂ ಎದ್ದೇ ಇರುತ್ತಾರೆ. ಆದರೆ ಅಂಥ ವಾರದಲ್ಲಿ ಲೆಕ್ಕ ಕೆಡುತ್ತದೆ ಎಂಬುದೂ ಅಷ್ಟೇ ನಿಜ. 24 ಸಲ ಫ್ಲಷ್ ಆಗಿ, ಹಳೆಯ ಫ್ಲಷ್ ಟ್ಯಾಂಕು ಒಂದು ಸಲಕ್ಕೆ 10 ಲೀಟರ್ ಸುರಿದರೆ 240 ಲೀಟರ್. ಉಳಿದದ್ದು 660. ಗಂಟೆಗೆ 220 ಲೀಟರ್.

ಇದನ್ನು 24ರಿಂದ ಗುಣಿಸಬಹುದೇ? ಬೀದಿಯ ಕೊಳವೆಯಾದರೆ ಆಗದು, ಅಲ್ಲಿ ಒತ್ತಡ ಹೊತ್ತಿಗೊಂದು ಥರ ಇರುತ್ತದೆ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಸೋರುವ ವೇಗವೂ ಒಂದೇ. ದಿನಕ್ಕೆ 5,280 ಲೀಟರ್. ಹಾಸ್ಟೆಲ್ ವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಭಾರತೀಯ ಮಾನಕ ಸಂಸ್ಥೆಯ ಲೆಕ್ಕ ಹಿಡಿದರೆ 200 ಜನಕ್ಕೆ 27,000 ಲೀಟರ್. ಅದರ ಐದನೇ ಒಂದು ಭಾಗದಷ್ಟು ನೀರು ಸೋರಿಯೇ ಹೋಗುತ್ತಿದೆ.

ಇನ್ನು ಎಲ್ಲಿ ಸೋರುತ್ತಿದೆ ಎಂಬ ಪತ್ತೇದಾರಿಕೆ. ಟ್ಯಾಂಕಿನಿಂದ ಒಂದೊಂದು ಪಾರ್ಶ್ವಕ್ಕೆ ಇಳಿಯುವ ಕೊಳವೆಗೆ ಒಂದೊಂದು ಗೇಟ್ ವಾಲ್ವ್ ಇರುತ್ತದೆ. ಪ್ಲಂಬರನ ಎದುರಿನಲ್ಲಿ ಒಂದೊಂದನ್ನೇ ಮುಚ್ಚಿ ಒಂದು ಗಂಟೆ ಕಾಯಬೇಕು. ಯಾವುದನ್ನು ಮುಚ್ಚಿದಾಗ ಇಳಿತ ನಿಂತಿತೋ ಆ ಪಾರ್ಶ್ವವೇ ತಪ್ಪಿತಸ್ಥ. ಎಲ್ಲವನ್ನೂ ಮುಚ್ಚಿದ ಮೇಲೂ ಮಟ್ಟ ಇಳಿದರೆ ಟ್ಯಾಂಕಿನ ಗೋಡೆಯೇ ಬಿರುಕು ಬಿಟ್ಟಿರಬಹುದು. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ವಾಲ್ವನ್ನೂ ಅನುಮಾನಿಸಬೇಕು. ವರ್ಷಗಟ್ಟಲೆ ತಿರುಗಿಸದೆ ಬಿಟ್ಟ ಗೇಟ್ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ನಂತರ ಆ ಪಾರ್ಶ್ವದ ಕೆಳಮಹಡಿಯ ನಲ್ಲಿ ತೆರೆದಿಡಬೇಕು. ಕೊಳವೆಯಲ್ಲಿದ್ದ ನೀರು ಖಾಲಿಯಾದ ಮೇಲೂ ಸಣ್ಣ ಧಾರೆ ಬರುತ್ತಲೇ ಇದ್ದರೆ ವಾಲ್ವ್ ಸುಳ್ಳು ಹೇಳುತ್ತಿದೆ.

ಕೊನೆಗೆ ಸಿಕ್ಕಿಬೀಳುವುದು ಬಹುಪಾಲು ಫ್ಲಷ್ ಟ್ಯಾಂಕೇ. ತೊಟ್ಟಿಕ್ಕುವ ನಲ್ಲಿ ಕಣ್ಣಿಗೂ ಕಿವಿಗೂ ಗೊತ್ತಾಗುತ್ತದೆ, ಫ್ಲಷ್ ಟ್ಯಾಂಕು ಸದ್ದಿಲ್ಲದೆ ಸೋರುತ್ತದೆ. ಅದನ್ನು ಹಿಡಿಯಲು ಅಡುಗೆಮನೆಯ ಕೇಸರಿ ಬಣ್ಣ ಸಾಕು. ಕೇಸರಿಬಾತಿಗೆ ಹಾಕುವ ಆ ಬಣ್ಣವನ್ನು ಚಿಟಿಕೆಯಷ್ಟು ಫ್ಲಷ್ ಟ್ಯಾಂಕಿಗೆ ಬೆರೆಸಿ, ಇಪ್ಪತ್ತು ನಿಮಿಷ ಯಾರೂ ಫ್ಲಷ್ ಮಾಡದಂತೆ ಬಾಗಿಲಿಗೆ ಚೀಟಿ ಅಂಟಿಸಬೇಕು. ಅಷ್ಟರಲ್ಲಿ ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರಿಕೆ ಖಚಿತ.

ಕಾರಣ ಎರಡರಲ್ಲಿ ಒಂದು. ಟ್ಯಾಂಕಿನ ತಳದ ರಬ್ಬರ್ ವಾಷರ್ ಗಡುಸಾಗಿ ಅಥವಾ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಸರಿಯಾಗಿ ಕೂರುತ್ತಿಲ್ಲ. ಇಲ್ಲವೇ ಬಾಲ್‌ಕಾಕ್ ಸಮಯಕ್ಕೆ ಮುಚ್ಚಿಕೊಳ್ಳದೆ, ಹೆಚ್ಚಾದ ನೀರು ಒಳಗಿನ ಓವರ್‌ಫ್ಲೋ ಕೊಳವೆಯಿಂದ ಇಳಿದುಹೋಗುತ್ತಿದೆ. ಮುಚ್ಚಳ ತೆಗೆದು ನೋಡಿದರೆ ಭೇದ ತಿಳಿಯುತ್ತದೆ. ನೀರು ಓವರ್‌ಫ್ಲೋ ಕೊಳವೆಯ ಬಾಯಿಯವರೆಗೆ ನಿಂತಿದ್ದರೆ ಬಾಲ್‌ಕಾಕಿನ ದೋಷ, ಅದಕ್ಕಿಂತ ಕೆಳಗಿದ್ದೂ ಬಣ್ಣ ಇಳಿದಿದ್ದರೆ ವಾಷರಿನದು. ಮೊದಲನೆಯದಕ್ಕೆ ಚೆಂಡಿನ ತೋಳನ್ನು ತುಸು ಕೆಳಗೆ ಹೊಂದಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಎರಡನೆಯದಕ್ಕೆ ಹೊಸ ವಾಷರ್ ಬೇಕು. ಕಚೇರಿಗೆ ಕೊಡುವ ಅರ್ಜಿಯಲ್ಲಿ ‘ಶೌಚಾಲಯ ಸೋರುತ್ತಿದೆ’ ಎಂದಷ್ಟೇ ಬರೆಯದೆ ‘ಎರಡನೇ ಮಹಡಿ, ಎಡಗಡೆ, ಮೂರನೆಯದು, ವಾಷರ್’ ಎಂದು ಬರೆದರೆ ಪ್ಲಂಬರನಿಗೆ ಹುಡುಕುವ ಕೆಲಸವೇ ಇರುವುದಿಲ್ಲ.

ರಾತ್ರಿಯ ಅಳತೆಗೆ ಕಾಣದ ಕಳ್ಳರೂ ಇದ್ದಾರೆ. ಸಂಪಿನಿಂದ ಟ್ಯಾಂಕಿಗೆ ಹೋಗುವ ಕೊಳವೆಯಲ್ಲಿ ಬಿರುಕಿದ್ದರೆ ಪಂಪು ನಡೆಯುವಾಗ ಮಾತ್ರ ನಷ್ಟ. ಪಂಪು ಹಾಕಿ ಚಹಾಕ್ಕೆ ಹೋದವರು ಮರೆತರೆ ಟ್ಯಾಂಕು ತುಂಬಿ ಹರಿಯುವುದು ಬೆಳಗಿನ ಹೊತ್ತು. ಇದಕ್ಕೆ ಫ್ಲೋಟ್ ಸ್ವಿಚ್ಚೇ ಮದ್ದು. ಒಂದು ವಾರ ದಿನಕ್ಕೆಷ್ಟು ನಿಮಿಷ ಹರಿಯಿತು ಎಂದು ಬರೆದಿಟ್ಟ ಪಟ್ಟಿ ಕೈಯಲ್ಲಿದ್ದರೆ ಅದನ್ನು ಕೊಡಿಸುವಂತೆ ಕೇಳುವುದು ಸುಲಭ. ಸಂಪಿನ ಅಳತೆಯನ್ನು ಮುಚ್ಚಳದ ಹೊರಗೆ ನಿಂತೇ ಮಾಡಬೇಕು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಿದ್ದು ಇಳಿದವರು ಪ್ರಾಣ ಕಳೆದುಕೊಂಡದ್ದಿದೆ, ಹಾಗಾಗಿ ವಿದ್ಯಾರ್ಥಿಗಳು ಸಂಪಿಗೆ ಇಳಿಯುವ ಮಾತೇ ಬೇಡ. ತಾರಸಿಗೆ ಸರಿಯಾದ ಮೆಟ್ಟಿಲಿಲ್ಲದಿದ್ದರೆ ರಾತ್ರಿ ಅಲ್ಲಿಗೂ ಹತ್ತಬಾರದು. ಟ್ಯಾಂಕಿನ ಹೊರಗೋಡೆಗೆ ಪಾರದರ್ಶಕ ನಳಿಕೆಯೊಂದನ್ನು ಪ್ಲಂಬರನಿಂದ ಹಾಕಿಸಿಕೊಂಡರೆ ಮಟ್ಟ ಕೆಳಗಿನಿಂದಲೇ ಕಾಣುತ್ತದೆ.

ಸೋರಿದ ನೀರಿನ ಜೊತೆ ಕರೆಂಟೂ ಸೋರುತ್ತದೆ. ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತರಿಸಲು ಕನಿಷ್ಠ 2.7 ವಾಟ್-ಅವರ್ ವಿದ್ಯುತ್ ಬೇಕು, ಇದು ಭೌತಶಾಸ್ತ್ರದ ನಿಯಮ. ಬೋರ್‌ವೆಲ್ಲಿನ ನೀರಿನ ಮಟ್ಟ 100 ಮೀಟರ್ ಆಳದಲ್ಲಿದ್ದು, ಟ್ಯಾಂಕು ನೆಲದಿಂದ 20 ಮೀಟರ್ ಮೇಲಿದ್ದರೆ ಏರಬೇಕಾದದ್ದು 120 ಮೀಟರ್. ಪಂಪು, ಮೋಟಾರು ಸೇರಿ ಹಾಕಿದ ಕರೆಂಟಿನಲ್ಲಿ ನೂರಕ್ಕೆ 40ರಷ್ಟು ಮಾತ್ರ ಕೆಲಸಕ್ಕೆ ಬಂದರೆ ಸಾವಿರ ಲೀಟರಿಗೆ 0.8 ಯೂನಿಟ್ ಆಗುತ್ತದೆ. ಮೇಲಿನ ಹಾಸ್ಟೆಲ್ಲಿನ ಸೋರಿಕೆಗೆ ದಿನಕ್ಕೆ 4 ಯೂನಿಟ್ಟಿಗೂ ಹೆಚ್ಚು, ತಿಂಗಳಿಗೆ ಸುಮಾರು 130 ಯೂನಿಟ್. ಚರಂಡಿಗೆ ಹೋಗುವ ನೀರನ್ನು ಮೇಲೆತ್ತಲು ತೆರುವ ಬಿಲ್ಲು ಇದು.

ಈ ಅಂಕಿಯನ್ನು ಊಹಿಸುವ ಬದಲು ಅಳೆಯಲೂಬಹುದು. ಪಂಪಿಗೆ ಪ್ರತ್ಯೇಕ ಮೀಟರ್ ಇದ್ದರೆ ಪಂಪು ಹಾಕುವ ಮುಂಚೆ ಮತ್ತು ಒಂದು ಗಂಟೆಯ ನಂತರ ಅದನ್ನು ಓದಬೇಕು, ಅದೇ ಹೊತ್ತಿಗೆ ಟ್ಯಾಂಕಿಗೆ ಕೋಲು ಇಳಿಸಬೇಕು. ಬೆಳಗಿನ ಬಳಕೆ ಶುರುವಾಗುವ ಮುಂಚೆಯೇ ಇದು ಮುಗಿಯಬೇಕು. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಎಂಬುದು ಸಿಕ್ಕಿಬಿಡುತ್ತದೆ. ತಿಂಗಳಿಗೊಮ್ಮೆ ಹೀಗೆ ಬರೆಯುತ್ತ ಹೋದರೆ ಅಂಕಿ ಏರುವುದು ಕಾಣುತ್ತದೆ. ಬೇಸಿಗೆಯಲ್ಲಿ ಏರಿ ಮಳೆಗಾಲದ ನಂತರ ಇಳಿದರೆ ಅಂತರ್ಜಲದ ಏರಿಳಿತ. ಇಳಿಯದೆ ಏರುತ್ತಲೇ ಹೋದರೆ ಪಂಪು ಸವೆದಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಬೇಕು. ಪ್ಯಾನಲ್ ಬೋರ್ಡಿಗೆ ಮಾತ್ರ ಎಲೆಕ್ಟ್ರಿಷಿಯನ್ ಹೊರತು ಯಾರೂ ಕೈ ಹಾಕಬಾರದು.

ಸೋರಿಕೆ ಮುಗಿದ ಮೇಲೆ ಎಲ್ಲರಿಗೂ ನೆನಪಾಗುವುದು ಏರೇಟರ್. 2024ರ ಮಾರ್ಚಿನ ನೀರಿನ ಬಿಕ್ಕಟ್ಟಿನಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಇದನ್ನು ಕಡ್ಡಾಯ ಮಾಡಿದ್ದರಿಂದ ಹೆಸರು ಮನೆಮಾತಾಯಿತು. ನಲ್ಲಿಯ ಬಾಯಿಗೆ ಕೂರಿಸುವ ಈ ಜಾಲರಿ ನೀರಿನೊಂದಿಗೆ ಗಾಳಿ ಬೆರೆಸಿ ಕಡಿಮೆ ನೀರಿನಲ್ಲೇ ಕೈ ತೊಳೆಯುವಂತೆ ಮಾಡುತ್ತದೆ. ಆದರೆ ಬಕೆಟ್ ತುಂಬುವ ನಲ್ಲಿಗೆ ಹಾಕಿ ಪ್ರಯೋಜನವಿಲ್ಲ. ಬಕೆಟಿಗೆ ಬೇಕಾದಷ್ಟು ನೀರು ಬೇಕೇ ಬೇಕು, ತುಂಬುವುದು ತಡವಾಗುತ್ತದೆ ಅಷ್ಟೆ. ಸರತಿಯಲ್ಲಿ ನಿಂತವರು ಸಿಟ್ಟಿಗೆದ್ದು ಮೂರನೇ ದಿನಕ್ಕೆ ಅದನ್ನು ಕಿತ್ತೆಸೆಯುತ್ತಾರೆ. ಟ್ಯಾಂಕಿನ ಕೆಳಗೇ ಇರುವ ಮೇಲ್ಮಹಡಿಯಲ್ಲಿ ಒತ್ತಡ ಕಡಿಮೆಯಾದ್ದರಿಂದ ಅಲ್ಲೂ ಬೇಡ. ನೆಲಮಹಡಿಯ ಊಟದ ಮನೆಯ ಕೈತೊಳೆಯುವ ಸಾಲೇ ಇದಕ್ಕೆ ತಕ್ಕ ಜಾಗ. ಹಾಕುವ ಮುಂಚೆಯೂ ನಂತರವೂ ಗಡಿಯಾರ ನೋಡಿ ಹತ್ತು ಸೆಕೆಂಡಿಗೆ ಎಷ್ಟು ನೀರು ಬರುತ್ತದೆ ಎಂದು ಅಳೆಯಬೇಕು. ಗಡಸು ನೀರಿನ ಊರಿನಲ್ಲಿ ಜಾಲರಿ ಆಗಾಗ ಕಟ್ಟಿಕೊಳ್ಳುತ್ತದೆ, ನಿಂಬೆರಸದಲ್ಲಿ ನೆನೆಸಿದರೆ ಬಿಡುತ್ತದೆ.

ಸೋಲಾರ್ ಬಿಸಿನೀರಿನ ಹಾಸ್ಟೆಲ್ಲುಗಳಲ್ಲಿ ಇನ್ನೊಂದು ನಷ್ಟವಿದೆ. ತಾರಸಿಯಿಂದ ಸ್ನಾನದ ಮನೆಗೆ 40 ಮೀಟರ್ ಕೊಳವೆ, ಒಳವ್ಯಾಸ 25 ಮಿಲಿಮೀಟರ್ ಆದರೆ ಅದರೊಳಗೆ ಸುಮಾರು 20 ಲೀಟರ್ ನೀರು ರಾತ್ರಿಯೆಲ್ಲ ತಣ್ಣಗಾಗಿ ಕೂತಿರುತ್ತದೆ. ಮೊದಲು ನಲ್ಲಿ ತಿರುಗಿಸಿದವರು ಬಿಸಿನೀರು ಬರುವವರೆಗೆ ಅಷ್ಟನ್ನೂ ಚೆಲ್ಲುತ್ತಾರೆ. ನಡುವೆ ಅರ್ಧ ಗಂಟೆ ಯಾರೂ ಬಾರದಿದ್ದರೆ ನೀರು ಮತ್ತೆ ಆರುತ್ತದೆ, ಮತ್ತೆ ಚೆಲ್ಲುವುದು. ಸ್ನಾನದ ಮನೆಯ ಬಾಗಿಲಲ್ಲಿ ಒಂದು ಡ್ರಮ್ ಇಟ್ಟು ‘ಮೊದಲ ತಣ್ಣೀರು ಇದಕ್ಕೆ’ ಎಂದು ಬರೆದರೆ ನೆಲ ಒರೆಸುವವರಿಗೆ ಅಷ್ಟು ನೀರು ಬಿಟ್ಟಿ. ಕೊಳವೆಗೆ ಫೋಮ್ ಹೊದಿಕೆ ಸುತ್ತಿದರೆ ಆರುವುದು ನಿಧಾನವಾಗುತ್ತದೆ, ರಾತ್ರಿಯಿಡೀ ಬಿಸಿ ಹಿಡಿದಿಡುವುದು ಮಾತ್ರ ಹೊದಿಕೆಯಿಂದ ಆಗದು.

ವಾಷರುಗಳನ್ನು ಬದಲಿಸಿದ ವಾರದೊಳಗೆ ಕೋಲನ್ನು ಮತ್ತೆ ಇಳಿಸಬೇಕು. ಗಂಟೆಗೆ 220 ಲೀಟರ್ ಇದ್ದದ್ದು 40ಕ್ಕೆ ಇಳಿದಿದ್ದರೆ ಉಳಿದ 40ಕ್ಕೂ ಇನ್ನೊಂದು ಸುತ್ತು ಹುಡುಕಾಟ. ಇಳಿಯದೇ ಇದ್ದರೆ ದುರಸ್ತಿ ಆಗಿದ್ದು ಬೇರೆ ಕಡೆ. ಸುಣ್ಣದ ನೀರಿನಲ್ಲಿ ರಬ್ಬರ್ ಬಹುಕಾಲ ಬಾಳುವುದಿಲ್ಲ, ಅಷ್ಟರಲ್ಲಿ ಅಳೆದ ವಿದ್ಯಾರ್ಥಿಗಳು ಪದವಿ ಮುಗಿಸಿ ಹೋಗಿರುತ್ತಾರೆ. ಅದಕ್ಕೇ ದಿನಾಂಕ, ಹೊತ್ತು, ಮಟ್ಟ ಎಂಬ ಮೂರು ಕಾಲಮ್ಮಿನ ಆ ಪುಸ್ತಕ, ಟ್ಯಾಂಕಿನ ಒಳಅಳತೆ ಬರೆದ ಅದರ ಮೊದಲ ಪುಟ, ಜೊತೆಗೆ ಆ ಕೋಲು, ಇಷ್ಟನ್ನೂ ವಾರ್ಡನ್ ಕೋಣೆಯ ಬೀರುವಿನಲ್ಲಿ ಇಟ್ಟು ಹೋಗಬೇಕಾಗುತ್ತದೆ.