‘ಫೋನಲ್ಲಿ ಅರೆಸ್ಟ್ ಇಲ್ಲ’: ಅಪ್ಪ-ಅಮ್ಮನಿಗೆ ಬಾಯಿಪಾಠ ಆಗಬೇಕಾದ ನಾಲ್ಕು ಸಾಲು

‘ಓಟಿಪಿ ಯಾರಿಗೂ ಹೇಳ್ಬೇಡಿ’ ಅಂತ ನಾವೆಲ್ಲ ಮನೆಯಲ್ಲಿ ಹೇಳಿ ಹೇಳಿ ಆಗಿದೆ. ಆದರೆ ಹಿರಿಯರ ಜೀವಮಾನದ ಉಳಿತಾಯವನ್ನೇ ನುಂಗುವ ‘ಡಿಜಿಟಲ್ ಅರೆಸ್ಟ್’ ವಂಚನೆಯಲ್ಲಿ ಓಟಿಪಿ ಕೇಳಬೇಕಾದ ಅಗತ್ಯವೇ ಬೀಳೋದಿಲ್ಲ. ಅವರೇ ಬ್ಯಾಂಕಿಗೆ ಹೋಗಿ, ಎಫ್‌ಡಿ ಮುರಿಸಿ, ಫಾರಂಗೆ ಸಹಿ ಹಾಕಿ, ಕೈಯಾರೆ ದುಡ್ಡು ಕಳಿಸಿ ಬರ್ತಾರೆ. ಬ್ಯಾಂಕಿನ ಸಿಸ್ಟಂ ಕಣ್ಣಿಗೆ ಅದು ಅಸಲಿ ಗ್ರಾಹಕ ಮಾಡಿದ ಅಸಲಿ ವ್ಯವಹಾರ. ಸಾಫ್ಟ್‌ವೇರ್ ಬರೆಯುವವನಾಗಿ ನನಗೆ ಗೊತ್ತು, ಇಲ್ಲಿ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಇಲ್ಲಿ ಹ್ಯಾಕ್ ಆಗೋದು ಫೋನ್ ಅಲ್ಲ, ಮನುಷ್ಯನ ಭಯ.

ಹಾಗಾಗಿಯೇ ಮೈಸೂರಿನ ನಮ್ಮ ಬಡಾವಣೆಯ ಹಿರಿಯ ನಾಗರಿಕರ ಸಭೆಗೆ ಒಬ್ಬರು ಬ್ಯಾಂಕ್ ಅಧಿಕಾರಿ ಮಾತಾಡೋಕೆ ಬರ್ತಾರೆ ಅಂದಾಗ ಅಮ್ಮನ ಜೊತೆ ನಾನೂ ಹೋದೆ. ಮೇಡಂ ಸ್ಲೈಡ್ ತಂದಿರಲಿಲ್ಲ. “ಇಪ್ಪತ್ತು ಎಚ್ಚರಿಕೆ ಹೇಳಿದ್ರೆ ಮನೆ ಮುಟ್ಟೋಷ್ಟರಲ್ಲಿ ಮರೆತುಹೋಗುತ್ತೆ. ನಾಲ್ಕೇ ಸಾಲು ಹೇಳ್ತೀನಿ. ಚಿಕ್ಕವರಿದ್ದಾಗ ಮಗ್ಗಿ ಹೇಳ್ತಿದ್ರಲ್ಲ, ಹಾಗೆ ಜೋರಾಗಿ ಹೇಳ್ಬೇಕು” ಅಂದರು. ಆಮೇಲೆ ತಮ್ಮ ಶಾಖೆಯಲ್ಲಿ ನಡೆದ ಒಂದು ಪ್ರಸಂಗ ಹೇಳಿದರು.

ನಿವೃತ್ತ ಮೇಷ್ಟ್ರು ಒಬ್ಬರು. ಬೆಳಗ್ಗೆ ‘ಕೊರಿಯರ್ ಆಫೀಸಿಂದ’ ಫೋನ್ ಬಂತು: ನಿಮ್ಮ ಆಧಾರ್ ಬಳಸಿ ಕಳಿಸಿದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಮುಂಬೈ ಪೊಲೀಸರಿಗೆ ಲೈನ್ ಕೊಡ್ತೀವಿ. ಕೂಡಲೇ ವಾಟ್ಸಾಪ್ ವಿಡಿಯೊ ಕಾಲ್. ಯೂನಿಫಾರಂ ಹಾಕಿದವನು, ಹಿಂದೆ ಗೋಡೆಗೆ ಲಾಂಛನ. ಸುಪ್ರೀಂ ಕೋರ್ಟ್ ಹೆಸರಿನ ಕಾಗದವೂ ಬಂತು. “ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡಿದೀವಿ, ಕ್ಯಾಮೆರಾ ಮುಂದಿಂದ ಏಳಬೇಡಿ” ಅಂತ ಆಜ್ಞೆ. ಎರಡು ದಿನ ಹೀಗೇ. ಕೊನೆಗೆ, “ನಿಮ್ಮ ದುಡ್ಡು ಕ್ಲೀನ್ ಇದೆಯಾ ಅಂತ ರಿಸರ್ವ್ ಬ್ಯಾಂಕ್ ಪರಿಶೀಲಿಸಬೇಕು, ಈ ಖಾತೆಗೆ ಹಾಕಿ, ಆಮೇಲೆ ವಾಪಸ್ ಬರುತ್ತೆ.”

ಇಲ್ಲಿ ಮೇಡಂ ಮೊದಲ ಸಾಲು ಹೇಳಿಸಿದರು: ಫೋನಲ್ಲಿ ಅರೆಸ್ಟ್ ಇಲ್ಲ. ಇಡೀ ಹಾಲ್ ಒಟ್ಟಿಗೆ ಹೇಳಿತು. ಅರೆಸ್ಟ್ ಅಂದ್ರೆ ಪೊಲೀಸರು ಎದುರಿಗೆ ಬಂದು ಮಾಡೋ ಕೆಲಸ. ‘ಡಿಜಿಟಲ್ ಅರೆಸ್ಟ್’ ಅನ್ನೋದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದರು. ಆದ್ದರಿಂದ ಆ ಮಾತು ಕೇಳಿದ ಕೂಡಲೇ ವಾದ ಬೇಡ, ವಿವರಣೆ ಬೇಡ, ಕಾಲ್ ಕಟ್.

ಮೇಷ್ಟ್ರು ಕಟ್ ಮಾಡಲಿಲ್ಲ. ಬ್ಯಾಂಕಿಗೆ ಬಂದು, ಅವಧಿಗೆ ಮೊದಲೇ ಎಫ್‌ಡಿ ಮುರಿಸಿ ಆರ್‌ಟಿಜಿಎಸ್ ಮಾಡ್ಬೇಕು ಅಂದರು. ಯಾಕೆ ಅಂತ ಕೌಂಟರ್‌ನಲ್ಲಿ ಕೇಳಿದ್ದಕ್ಕೆ “ಮನೆ ಕೊಳ್ತಿದೀನಿ” ಅಂದರು. ಆ ಉತ್ತರವನ್ನೂ ಅವರಿಗೆ ಫೋನಲ್ಲೇ ಹೇಳಿಕೊಟ್ಟಿದ್ದರು. ಆದರೆ ಫಾರಂನಲ್ಲಿ ಹಣ ಪಡೆಯುವವರ ಹೆಸರು ದೂರದ ಊರಿನ ಯಾವುದೋ ಟ್ರೇಡಿಂಗ್ ಕಂಪನಿಯದು. ಮನೆ ಮಾರುವವನ ಹೆಸರಲ್ಲ. ಜೊತೆಗೆ ಶರ್ಟಿನ ಜೇಬಿನಲ್ಲಿ ಫೋನಿನ ಸ್ಕ್ರೀನ್ ಉರೀತಾನೇ ಇತ್ತು. ಕಾಲ್ ಕಟ್ ಆಗಿರಲಿಲ್ಲ, ಆಚೆ ಕಡೆಯವನು ಎಲ್ಲಾ ಕೇಳಿಸಿಕೊಳ್ತಿದ್ದ.

ಮೇಡಂ ಬಾಯಲ್ಲಿ ಏನೂ ಕೇಳಲಿಲ್ಲ. ಒಂದು ಹಣ ಕಟ್ಟುವ ಚಲನ್‌ನ ಹಿಂದೆ ಬರೆದು ಮುಂದಿಟ್ಟರು: “ಸರ್, ಲೈನಲ್ಲಿ ಯಾರಾದ್ರೂ ಇದ್ದಾರಾ? ಹೌದಾದ್ರೆ ತಲೆ ಆಡಿಸಿ.” ಮೇಷ್ಟ್ರು ತಲೆ ಆಡಿಸಿದರು. ಕಣ್ಣಲ್ಲಿ ನೀರು. ಮೇಡಂ ಜೇಬಿನಿಂದ ಫೋನ್ ತೆಗೆಸಿ ಕಾಲ್ ಕಟ್ ಮಾಡಿಸಿದರು. ಎಫ್‌ಡಿ ಉಳಿಯಿತು.

“ಮನೇಲಿ ಯಾರಿಗೂ ಯಾಕೆ ಹೇಳ್ಲಿಲ್ಲ ಸರ್?” ಅಂತ ಕೇಳಿದ್ದಕ್ಕೆ, “ಹೇಳಿದ್ರೆ ಮಗನ್ನೂ ಅರೆಸ್ಟ್ ಮಾಡ್ತೀವಿ ಅಂದ್ರಮ್ಮ” ಅಂದರಂತೆ. ಎರಡನೇ ಸಾಲು ಹುಟ್ಟಿದ್ದು ಅಲ್ಲಿಂದ: ಹೇಳ್ಬೇಡ ಅಂದ್ರೆ, ಮನೆಗೇ ಮೊದ್ಲು ಹೇಳು. ಈ ವಂಚನೆ ನಿಂತಿರೋದೇ ಒಂಟಿತನದ ಮೇಲೆ. ಕ್ಯಾಮೆರಾ ಮುಂದೆ ಕೂರಿಸೋದು, ಕಾಲ್ ಕಟ್ ಮಾಡಬೇಡಿ ಅನ್ನೋದು, ಗುಟ್ಟಾಗಿಡಿ ಅನ್ನೋದು ಎಲ್ಲವೂ ಇನ್ನೊಬ್ಬರ ಮಾತು ಕಿವಿಗೆ ಬೀಳದ ಹಾಗೆ ನೋಡಿಕೊಳ್ಳೋಕೆ. ಪಕ್ಕದ ಮನೆಯವರಿಗೆ ಹೇಳಿದರೂ ಸಾಕು, ಅರ್ಧ ಭ್ರಮೆ ಇಳಿಯುತ್ತೆ.

ಮೂರನೇ ಸಾಲು: ಚೆಕ್ ಮಾಡೋಕೆ ದುಡ್ಡು ಬೇಡ. ಹಣ ಪರಿಶೀಲಿಸೋಕೆ ಅದನ್ನ ಬೇರೆ ಖಾತೆಗೆ ಸಾಗಿಸೋ ಪದ್ಧತಿ ಯಾವ ಇಲಾಖೆಯಲ್ಲೂ ಇಲ್ಲ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳೋದೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಎದ್ದು, “ಮೇಡಂ, ಫೋನಲ್ಲಿ ಬ್ಯಾಂಕಿನ ಹೆಸರೇ ಬಂದ್ರೆ?” ಅಂದರು. ಸ್ಕ್ರೀನ್ ಮೇಲೆ ಬರುವ ಹೆಸರು, ವಾಟ್ಸಾಪ್ ಡಿಪಿ ಎರಡನ್ನೂ ಯಾರು ಬೇಕಾದ್ರೂ ಹಾಕಿಕೊಳ್ಳಬಹುದು, ಅದು ಗುರುತಿನ ಚೀಟಿ ಅಲ್ಲ ಅಂದರು ಮೇಡಂ. ಅನುಮಾನ ಬಂದರೆ ಕಟ್ ಮಾಡಿ, ಡೆಬಿಟ್ ಕಾರ್ಡಿನ ಹಿಂದಿರೋ ನಂಬರಿಗೆ ನೀವೇ ಮಾಡಬೇಕು. ಗೂಗಲ್‌ನಲ್ಲಿ ಹುಡುಕೋದು ಬೇಡ, ಅಲ್ಲೂ ನಕಲಿ ಕಸ್ಟಮರ್ ಕೇರ್ ನಂಬರ್‌ಗಳು ಕೂತಿರ್ತವೆ.

ನಾಲ್ಕನೇದು ಮೂರೂ ಸಾಲು ಕೈಕೊಟ್ಟಾಗ: ಹೋಯ್ತು ಅಂದ್ರೆ ಹತ್ತೊಂಬತ್ತು ಮೂವತ್ತು. 1930 ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಇಲ್ಲಿ ನಿಮಿಷಗಳ ಲೆಕ್ಕ ಯಾಕೆ ಅಂದರೆ, ಕಳಿಸಿದ ದುಡ್ಡು ಮೊದಲು ಬಾಡಿಗೆ ಖಾತೆಯೊಂದಕ್ಕೆ ಹೋಗಿ, ಅಲ್ಲಿಂದ ಹಲವು ಖಾತೆಗಳಿಗೆ ಚೂರುಚೂರಾಗಿ ಹಂಚಿಹೋಗುತ್ತೆ. ದೂರು ದಾಖಲಾದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗಿ, ಆ ಹೊತ್ತಿಗೆ ಖಾತೆಯಲ್ಲಿ ಉಳಿದಿರೋ ಹಣ ತಡೆಹಿಡಿಯಬಹುದು. ಎಟಿಎಂನಿಂದ ನೋಟಾಗಿ ಹೊರಬಿದ್ದ ಮೇಲೆ ತಡೆಯೋಕೆ ಏನೂ ಇರೋಲ್ಲ. ಫೋನ್ ಮಾಡುವಾಗ ಕೈಯಲ್ಲಿರಬೇಕಾದದ್ದು: ಯಾವ ಖಾತೆಯಿಂದ ಹೋಯ್ತು, ಎಷ್ಟು, ಎಷ್ಟು ಗಂಟೆಗೆ, ಮತ್ತು ಬ್ಯಾಂಕಿನ ಎಸ್‌ಎಂಎಸ್‌ನಲ್ಲಿರೋ ವ್ಯವಹಾರದ ಸಂಖ್ಯೆ. ಆಮೇಲೆ cybercrime.gov.in ನಲ್ಲಿ ದೂರು, ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಬೇಕು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅಮ್ಮ ನಾಲ್ಕು ಸಾಲೂ ತಪ್ಪದೆ ಒಪ್ಪಿಸಿದರು. ಆಗ ನನಗೆ ಹೊಳೆದದ್ದು, ಪ್ರತಿ ಸಾಲೂ ವಂಚಕ ಆಡುವ ಒಂದು ಮಾತಿಗೆ, ಇಲ್ಲವೇ ಒಂದು ಕ್ಷಣಕ್ಕೆ ಸಿದ್ಧ ಉತ್ತರ. ‘ಎಚ್ಚರದಿಂದಿರಿ’ ಅನ್ನೋದು ಭಯದಲ್ಲಿ ನೆನಪಿಗೆ ಬರೋಲ್ಲ. ‘ಅರೆಸ್ಟ್’ ಅನ್ನೋ ಪದ ಕಿವಿಗೆ ಬಿದ್ದಾಗ ‘ಫೋನಲ್ಲಿ ಅರೆಸ್ಟ್ ಇಲ್ಲ’ ಅನ್ನೋದು ತಾನಾಗೇ ಬರುತ್ತೆ.

ಆದರೆ ಎರಡನೇ ಸಾಲಿಗೆ ಇನ್ನೊಂದು ತುದಿ ಇದೆ. ಸಭೆಯ ಕೊನೆಯಲ್ಲಿ, ಹಿರಿಯರ ಜೊತೆ ಬಂದಿದ್ದ ನಮ್ಮಂಥ ನಾಲ್ಕೈದು ಜನರ ಕಡೆ ತಿರುಗಿ ಮೇಡಂ ಕೇಳಿದ್ದರು: “ಇವರು ಮನೆಗೆ ಮೊದ್ಲು ಹೇಳ್ತಾರೆ ಅಂತಿಟ್ಕೊಳ್ಳಿ. ಮಧ್ಯಾಹ್ನ ಹನ್ನೆರಡಕ್ಕೆ ನೀವು ಮೀಟಿಂಗಲ್ಲಿರ್ತೀರಾ. ಫೋನ್ ಎತ್ತೋರ್ಯಾರು?”

ನಮ್ಮ ಮನೆಯಲ್ಲಿ ಆ ರಾತ್ರಿಯೇ ಒಂದು ಒಪ್ಪಂದ ಆಯ್ತು. ಅಮ್ಮನಿಂದ ಬೆನ್ನುಬೆನ್ನಿಗೆ ಎರಡು ಕಾಲ್ ಬಂದರೆ ಎಂಥ ಮೀಟಿಂಗ್ ಇದ್ದರೂ ನಾನು ಎತ್ತಬೇಕು. ನಾನು ಸಿಗದಿದ್ದರೆ ಅಕ್ಕ, ಅವಳೂ ಸಿಗದಿದ್ದರೆ ಎದುರುಮನೆ ಆಂಟಿ. ಮೂರು ಹೆಸರು, ಮೂರು ನಂಬರ್, ಕೆಳಗೆ ದಪ್ಪ ಅಕ್ಷರದಲ್ಲಿ 1930. ಅಮ್ಮನ ಫೋನ್ ಚಾರ್ಜ್‌ಗೆ ಇಡೋ ಜಾಗದ ಮೇಲೆ ಗೋಡೆಗೆ ಅಂಟಿಸಿದ್ದೀವಿ.