ಮನೆಗೆ ಒಂದು ಹೆಜ್ಜೆ, ಮನೆಯಿಂದ ಒಂದು ಹೆಜ್ಜೆ

ಡಿಸ್ಲೆಕ್ಸಿಯಾ ಇರುವ ಮಗು ‘ಮನೆಗೆ ಬಂದೆ’ ಎಂದು ಸರಾಗವಾಗಿ ಮಾತಾಡುತ್ತದೆ. ಅದನ್ನೇ ಓದುವಾಗ ಪದದ ತುದಿ ತಪ್ಪಿಹೋಗುತ್ತದೆ. ‘ಮನೆಗೆ’ ಎಂಬುದು ‘ಮನೆ’ ಆಗುತ್ತದೆ. ಕನ್ನಡದಲ್ಲಿ ಅರ್ಥ ತಿರುಗುವುದೇ ಆ ತುದಿಯಲ್ಲಿ. ಹಾಗಾಗಿ ವಿಭಕ್ತಿಯ ಪಟ್ಟಿ ಬಾಯಿಪಾಠ ಮಾಡಿಸುವ ಬದಲು ಪ್ರತ್ಯಯವನ್ನು ಕಣ್ಣಿಗೆ, ಕಾಲಿಗೆ ಸಿಗುವಂತೆ ಮಾಡಬೇಕು.

ನೀಲಿ ಕಾರ್ಡುಗಳಲ್ಲಿ ಮನೆ, ಶಾಲೆ, ಪೇಟೆ ಎಂದು ಬರೆಯಿರಿ. ಕೆಂಪು ಕಾರ್ಡುಗಳಲ್ಲಿ ಗೆ, ಯಿಂದ, ಯಲ್ಲಿ. ‘ಮನೆ’ಗೆ ‘ಗೆ’ ಜೋಡಿಸಿ ಓದುತ್ತಾ ಮಗು ಒಂದು ಹೆಜ್ಜೆ ಮುಂದಿಡಲಿ. ‘ಯಿಂದ’ ಬಂದರೆ ಹಿಂದಕ್ಕೆ, ‘ಯಲ್ಲಿ’ ಬಂದರೆ ನಿಂತಲ್ಲೇ ಕೂರುವುದು. ‘ಮನೆಗೆ ಹೋದೆ, ಶಾಲೆಗೆ ಹೋದೆ, ಪೇಟೆಗೆ ಹೋದೆ’: ಒಂದೇ ಅಚ್ಚಿನ ಮೂರು ವಾಕ್ಯ ಸಾಕು. ಒಂದು ಪ್ರತ್ಯಯ ಗಟ್ಟಿಯಾದ ಮೇಲೆ ಇನ್ನೊಂದು.

ಎಡವುವುದು ‘ಮರ’ದಲ್ಲಿ. ಮಗು ‘ಮರಗೆ’ ಎಂದರೆ ಅದು ನಿಯಮವನ್ನು ಹಿಡಿದಿದೆ ಎಂದರ್ಥ, ಬೈಯಬೇಡಿ. ಮರಕ್ಕೆ, ಹೊಲಕ್ಕೆ, ನೆಲಕ್ಕೆ ಎಂಬ ಹೊಸ ಗುಂಪನ್ನು ಬೇರೆ ದಿನ ಕಲಿಸಿ. ಮೊದಲ ದಿನವೇ ಎರಡನ್ನೂ ಬೆರೆಸಿದರೆ ಗೊಂದಲ ಖಚಿತ.

ಬಣ್ಣ ಇಲ್ಲಿ ಊರುಗೋಲು ಮಾತ್ರ, ಮದ್ದಲ್ಲ. ಕೆಂಪು–ಹಸಿರು ಗುರುತಿಸಲಾಗದ ಮಕ್ಕಳಿಗೆ ಪ್ರತ್ಯಯದ ಕೆಳಗೆ ಗೆರೆಯನ್ನೂ ಎಳೆಯಿರಿ. ಕೊನೆಗೆ ಬರೀ ಕಪ್ಪಕ್ಷರದಲ್ಲಿ, ಹಿಂದೆ ನೋಡದ ‘ಕೋಟೆಯಿಂದ’ ಎಂಬ ಪದ ಕೊಡಿ. ಮಗು ತುದಿ ನುಂಗದೆ ಓದಿದರೆ ಪಾಠ ಹತ್ತಿದೆ. ಇಲ್ಲವಾದರೆ ಕಾರ್ಡುಗಳನ್ನು ಮತ್ತೆ ಹರಡಿ.