ಆಪರೇಷನ್ ದಿನವೇ ಪರೀಕ್ಷೆ: ಅರ್ಜಿಯಲ್ಲಿ ಏನನ್ನು ಕೇಳಬೇಕು?

ಪರೀಕ್ಷೆಯ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ವಾರದಲ್ಲೇ ಡಾಕ್ಟರು ಆಪರೇಷನ್ನಿನ ದಿನ ಗೊತ್ತು ಮಾಡಿದರೆ, ಮನೆಯವರಿಗೆ ಮೊದಲು ಹೊಳೆಯುವುದು ‘ಪರೀಕ್ಷೆ ಮುಂದೂಡಿ ಕೊಡಿ’ ಎಂದು ಅರ್ಜಿ ಬರೆಯುವುದು. ಅಂಥ ಹೆಚ್ಚಿನ ಅರ್ಜಿಗಳು ಅಲ್ಲಿಗೇ ನಿಂತುಬಿಡುತ್ತವೆ. ಅರ್ಜಿ ಓದುವವರಿಗೆ ಕನಿಕರವಿಲ್ಲ ಎಂದಲ್ಲ. ಒಬ್ಬರಿಗಾಗಿ ದಿನ ಬದಲಿಸುವ ಅಧಿಕಾರವೇ ಅವರಿಗೆ ಇರುವುದಿಲ್ಲ. ಆದರೆ ಪರೀಕ್ಷೆಗೆ ಬಾರದಿದ್ದುದನ್ನು ಸಕಾರಣ ಗೈರುಹಾಜರಿ ಎಂದು ದಾಖಲಿಸಿ, ಆ ಪತ್ರಿಕೆಯನ್ನು ಬೇರೆ ದಿನ ಬರೆಯಲು ಬಿಡುವ ಅಧಿಕಾರ ಎಷ್ಟೋ ಕಡೆ ಇದೆ. ಕೇಳಬೇಕಾದ್ದು ಅದನ್ನು.

ನಮ್ಮ ರಾಜ್ಯದ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳನ್ನೇ ನೋಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದರೂ ಇವು ತಮ್ಮ ಪರೀಕ್ಷೆಯನ್ನು ತಾವೇ ನಡೆಸುತ್ತವೆ. ಇಂಥ ಹಲವು ಕಾಲೇಜುಗಳ ನಿಯಮಪುಸ್ತಕದಲ್ಲಿ ‘ಐ’ ಗ್ರೇಡ್ ಎಂಬುದೊಂದಿದೆ. ಹಾಜರಾತಿ ಸರಿಯಿದ್ದು, ಇಂಟರ್ನಲ್ ಅಂಕಗಳೂ ಸಾಕಷ್ಟಿದ್ದು, ಕಾಯಿಲೆ ಅಥವಾ ಅಪಘಾತದಂಥ ಕಾರಣದಿಂದ ಸೆಮಿಸ್ಟರ್ ಪರೀಕ್ಷೆಗೆ ಬರಲಾಗದವರಿಗೆ ತಾತ್ಕಾಲಿಕವಾಗಿ ಕೊಡುವ ಗುರುತು ಇದು. ಮುಂದೆ ಮೇಕಪ್ ಪರೀಕ್ಷೆ ಬರೆದಾಗ ಅದರ ಜಾಗದಲ್ಲಿ ನಿಜವಾದ ಗ್ರೇಡ್ ಬರುತ್ತದೆ. ಅರ್ಜಿಯನ್ನೇ ಕೊಡದೆ ಮನೆಯಲ್ಲಿ ಉಳಿದರೆ ಅದೇ ಪತ್ರಿಕೆಯಲ್ಲಿ ಗೈರು ಎಂದು ಬಿದ್ದು, ಫೇಲಾದಂತೆ ಲೆಕ್ಕವಾಗುತ್ತದೆ. ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್‌ಲಾಗ್ ಇದೆಯೇ ಎಂದು ಕೇಳುವುದರಿಂದ ಈ ವ್ಯತ್ಯಾಸ ಚಿಕ್ಕದಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಆರನೇ ಸೆಮಿಸ್ಟರಿನ ಹುಡುಗಿಯೊಬ್ಬಳಿಗೆ ಮೇ ಕೊನೆಯಲ್ಲಿ ತಡೆಯಲಾರದ ಹೊಟ್ಟೆನೋವು ಬಂತು ಎಂದುಕೊಳ್ಳಿ. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲು ಕಂಡಿತು. ಒಂದು ಕಲ್ಲು ಕೆಳಗೆ ಜಾರಿ ಮೇದೋಜ್ಜೀರಕ ಗ್ರಂಥಿಗೆ ಸಣ್ಣಗೆ ಉರಿಯೂತ ತಂದಿತ್ತು. ನಾಲ್ಕು ದಿನದಲ್ಲಿ ಅದು ತಹಬಂದಿಗೆ ಬಂದು ಮನೆಗೆ ಕಳಿಸಿದರು. ಪಿತ್ತಕೋಶ ತೆಗೆಯುವ ಲ್ಯಾಪ್ರೊಸ್ಕೋಪಿ ಆಪರೇಷನ್ ಜೂನ್ 9ಕ್ಕೆ ನಿಗದಿಯಾಯಿತು. ಅವಳ ಪತ್ರಿಕೆಗಳು ಇರುವುದು ಜೂನ್ 3, 6, 10, 13, 17 ಮತ್ತು 20ರಂದು.

ಕಾಲೇಜಿನವರು ಮೊದಲು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಆಪರೇಷನ್ನನ್ನು ಜೂನ್ 20ರ ನಂತರ ಮಾಡಿಸಬಾರದೇ? ಕಲ್ಲು ಸುಮ್ಮನೆ ಕೂತಿದ್ದು ನೋವೇ ಇಲ್ಲದಿದ್ದರೆ ಖಂಡಿತ ಕಾಯಬಹುದು. ಒಮ್ಮೆ ಉರಿಯೂತ ತಂದ ಮೇಲೆ ಮಾತು ಬೇರೆ. ತಡ ಮಾಡಿದಷ್ಟೂ ಮತ್ತೊಂದು ಕಲ್ಲು ಜಾರಬಹುದು, ಮುಂದಿನ ಸಲದ ಉರಿಯೂತ ಜೀವಕ್ಕೇ ಕುತ್ತು ತರಬಹುದು. ಅದಕ್ಕೇ ಸರ್ಜನ್ನರು ಆಸ್ಪತ್ರೆಯಿಂದ ಬಿಡುವ ಮೊದಲೇ ಅಥವಾ ಕೆಲವೇ ವಾರಗಳೊಳಗೆ ಪಿತ್ತಕೋಶ ತೆಗೆಸಿಕೊಳ್ಳಿ ಎನ್ನುತ್ತಾರೆ. ಈ ಮಾತು ವೈದ್ಯರ ಪ್ರಮಾಣಪತ್ರದಲ್ಲಿ ಬರಲೇಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಈ ಪ್ರಮಾಣಪತ್ರದಲ್ಲೇ. ‘15 ದಿನ ವಿಶ್ರಾಂತಿ ಅಗತ್ಯ’ ಎಂಬ ಒಂದು ಸಾಲಿನ ಚೀಟಿ ಜ್ವರಕ್ಕೂ ಸಿಗುತ್ತದೆ, ಆದ್ದರಿಂದ ಪರೀಕ್ಷಾ ವಿಭಾಗದವರು ಅದನ್ನು ನಂಬಲು ಹಿಂದೆಮುಂದೆ ನೋಡುತ್ತಾರೆ. ಆಪರೇಷನ್ ಯಾವ ದಿನ, ಅದನ್ನು ಇನ್ನಷ್ಟು ಮುಂದಕ್ಕೆ ಹಾಕುವುದು ಯಾಕೆ ಸಲ್ಲದು, ಎಂದಿನಿಂದ ಎಂದಿನವರೆಗೆ ಮೂರು ಗಂಟೆ ಕೂತು ಬರೆಯಲಾಗದು ಎಂಬ ಮೂರು ವಿಷಯಗಳನ್ನು ಬರೆದುಕೊಡಿ ಎಂದು ಸರ್ಜನ್ನರನ್ನೇ ಕೇಳಿ. ಆಸ್ಪತ್ರೆಯ ಲೆಟರ್‌ಹೆಡ್, ಸಹಿ, ಸೀಲು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಅದರಲ್ಲಿರಲಿ. ಸ್ಕ್ಯಾನಿನ ಪೂರ್ತಿ ವರದಿ ಕೊಡಬೇಕಾಗಿಲ್ಲ. ಗರ್ಭಕೋಶದ ತೊಂದರೆಯಂಥದ್ದನ್ನು ಆಫೀಸಿನ ಹತ್ತು ಜನರ ಕೈಗೆ ಕೊಡಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಆ ಹಿಂಜರಿಕೆಯಿಂದಲೇ ಅರ್ಜಿ ಕೊಡದೆ ಉಳಿಯಬೇಕಾಗಿಲ್ಲ. ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಪರೀಕ್ಷಾ ನಿಯಂತ್ರಕರೇ ತೆರೆಯಲಿ ಎಂದು ಮೇಲೆ ಬರೆದು ಕೊಡಬಹುದು.

ಇನ್ನು ಎಷ್ಟು ಕೇಳಬೇಕು? ಆರೂ ಪತ್ರಿಕೆ ಬಿಟ್ಟುಬಿಡೋಣ ಎನ್ನಿಸುವುದು ಸಹಜ. ಲ್ಯಾಪ್ರೊಸ್ಕೋಪಿಯಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ, ವಾರದ ಹೊತ್ತಿಗೆ ಕೂತು ಮಾಡುವ ಕೆಲಸ ಸಾಧ್ಯವಾಗುತ್ತದೆ. ಡಾಕ್ಟರು ಒಪ್ಪಿದರೆ ಈ ಹುಡುಗಿ 3 ಮತ್ತು 6ರ ಪತ್ರಿಕೆಗಳನ್ನು ಬರೆದೇ ಆಸ್ಪತ್ರೆಗೆ ಹೋಗಬಹುದು, 17 ಮತ್ತು 20ರದ್ದನ್ನೂ ಬರೆಯಬಹುದು. ತಪ್ಪುವುದು ಎರಡೇ. ಮೇಕಪ್ಪಿನಲ್ಲಿ ಎರಡು ಪತ್ರಿಕೆಗೆ ಓದುವುದಕ್ಕೂ ಆರಕ್ಕೆ ಓದುವುದಕ್ಕೂ ಬಹಳ ಅಂತರವಿದೆ, ಅಧಿಕಾರಿಗಳೂ ಎರಡಕ್ಕೆ ಬೇಗ ಒಪ್ಪುತ್ತಾರೆ. ಆದರೆ ಲ್ಯಾಪ್ರೊಸ್ಕೋಪಿ ಎಂದು ಶುರುವಾದದ್ದು ಕೆಲವೊಮ್ಮೆ ಒಳಗೆ ತೊಡಕು ಕಂಡು ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಆಗುತ್ತದೆ. ಆಗ ಚೇತರಿಕೆಗೆ ನಾಲ್ಕರಿಂದ ಆರು ವಾರ ಬೇಕು. ಅದಕ್ಕೂ ಅರ್ಜಿಯಲ್ಲಿ ಒಂದು ಸಾಲು ಇಟ್ಟಿರಬೇಕು.

ಅರ್ಜಿಯ ಮೇಲ್ಭಾಗದಲ್ಲಿ ಹೆಸರು, ಯುಎಸ್‌ಎನ್, ಸೆಮಿಸ್ಟರ್ ಇರಲಿ. ಪರೀಕ್ಷಾ ನಿಯಂತ್ರಕರಿಗೆ ಬರೆದು, ವಿಭಾಗದ ಮುಖ್ಯಸ್ಥರು ಮತ್ತು ಪ್ರಾಂಶುಪಾಲರ ಮೂಲಕ ಕಳಿಸಿ. ಒಡಲು ಹೀಗಿದ್ದರೆ ಸಾಕು:

ಮಾನ್ಯರೇ,
ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನು ಜೂನ್ 9ರಂದು ನಿಗದಿ ಮಾಡಿದ್ದಾರೆ. ಇದನ್ನು ಪರೀಕ್ಷೆ ಮುಗಿಯುವವರೆಗೆ ತಡೆಯುವುದು ಅಪಾಯವೆಂದು ವೈದ್ಯರು ತಿಳಿಸಿದ್ದಾರೆ. ಆದ್ದರಿಂದ ಜೂನ್ 10 ಮತ್ತು 13ರ ಪತ್ರಿಕೆಗಳಿಗೆ (ವಿಷಯ ಸಂಕೇತಗಳು ಇಲ್ಲಿ) ನಾನು ಹಾಜರಾಗಲಾರೆ. ಈ ಗೈರುಹಾಜರಿಯನ್ನು ಸಕಾರಣವೆಂದು ಪರಿಗಣಿಸಿ ‘ಐ’ ಗ್ರೇಡ್ ನೀಡಬೇಕಾಗಿಯೂ, ಮೇಕಪ್ ಪರೀಕ್ಷೆ ಬರೆಯಲು ಅನುಮತಿ ಕೊಡಬೇಕಾಗಿಯೂ ಕೋರುತ್ತೇನೆ. ಉಳಿದ ನಾಲ್ಕು ಪತ್ರಿಕೆಗಳನ್ನು ಬರೆಯುತ್ತೇನೆ. ಜೂನ್ 17 ಮತ್ತು 20ರಂದು ನೆಲಮಹಡಿಯ ಕೊಠಡಿ ದೊರೆತರೆ ಉಪಕಾರವಾಗುತ್ತದೆ. ಚೇತರಿಕೆ ತಡವಾದಲ್ಲಿ ಜೂನ್ 15ರೊಳಗೆ ವೈದ್ಯರ ಪತ್ರದೊಂದಿಗೆ ತಿಳಿಸುತ್ತೇನೆ.
ಲಗತ್ತು: ವೈದ್ಯರ ಪ್ರಮಾಣಪತ್ರ, ಹಾಲ್ ಟಿಕೆಟ್ ಪ್ರತಿ.

ಇದರಲ್ಲಿ ಗೋಳು ತೋಡಿಕೊಂಡ ಒಂದು ಸಾಲೂ ಇಲ್ಲ. ಕಡತದ ಮೇಲೆ ಟಿಪ್ಪಣಿ ಬರೆಯುವ ಗುಮಾಸ್ತರಿಗೆ ಬೇಕಾದ್ದು ದಿನಾಂಕ, ವಿಷಯ ಸಂಕೇತ ಮತ್ತು ಯಾವ ನಿಯಮದ ಕೆಳಗೆ ಕೇಳುತ್ತಿದ್ದಾರೆ ಎಂಬುದು. ಅಷ್ಟು ಸಿಕ್ಕರೆ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಡೆಯಿಲ್ಲದೆ ಹೋಗುತ್ತದೆ. ಪರೀಕ್ಷೆಗೆ ಮೊದಲೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆಪರೇಷನ್ ದಿನ ಮೊದಲೇ ಗೊತ್ತಿದ್ದೂ ಪರೀಕ್ಷೆ ಮುಗಿದ ಮೇಲೆ ಕೊಟ್ಟ ಅರ್ಜಿಯನ್ನು ಯಾರೇ ಆದರೂ ಅನುಮಾನದಿಂದಲೇ ಓದುತ್ತಾರೆ. ಪರೀಕ್ಷಾ ಶುಲ್ಕ ಕಟ್ಟದೆ ಬಿಡುವುದೂ ತಪ್ಪು. ನೋಂದಣಿಯೇ ಇಲ್ಲದ ಪತ್ರಿಕೆಗೆ ಗೈರಾದದ್ದನ್ನು ಮನ್ನಿಸುವ ಪ್ರಶ್ನೆಯೇ ಏಳುವುದಿಲ್ಲ.

ಎಲ್ಲ ಕಡೆ ಈ ದಾರಿ ತೆರೆದಿಲ್ಲ. ಸ್ವಾಯತ್ತವಲ್ಲದ ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ವೇಳಾಪಟ್ಟಿಯೇ ಕೊನೆಯ ಮಾತು, ಪ್ರಾಂಶುಪಾಲರ ಕೈಯಲ್ಲಿ ಏನೂ ಇರುವುದಿಲ್ಲ. ಅಲ್ಲಿ ತಪ್ಪಿದ ಪತ್ರಿಕೆ ಸಾಮಾನ್ಯವಾಗಿ ಮುಂದಿನ ಪರೀಕ್ಷೆಗೇ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿರುವುದರಿಂದ ಪರೀಕ್ಷೆ-1 ತಪ್ಪಿದವರು ಪರೀಕ್ಷೆ-2 ಬರೆಯಬಹುದು.

ಮತ್ತೆ ಆ ಹುಡುಗಿಯ ವಿಷಯಕ್ಕೆ ಬಂದರೆ, ಅನುಮತಿ ಸಿಕ್ಕ ಮಾತ್ರಕ್ಕೆ ಮೇಕಪ್ ಪರೀಕ್ಷೆಗೆ ಹೆಸರು ಸೇರಿತು ಎಂದು ತಿಳಿಯಬಾರದು. ಅದಕ್ಕೆ ಬೇರೆಯೇ ಫಾರಂ ತುಂಬಬೇಕಾಗಬಹುದು, ಬೇರೆಯೇ ಕೊನೆಯ ದಿನ ಇರಬಹುದು. ಆ ದಿನ ಬರುವುದು ಹೆಚ್ಚಾಗಿ ವಿದ್ಯಾರ್ಥಿ ಮನೆಯಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತಿರುವ ಹೊತ್ತಿನಲ್ಲೇ. ಹಾಗಾಗಿ ಆಸ್ಪತ್ರೆಗೆ ಸೇರುವ ಮುನ್ನವೇ ಗೆಳತಿಯೊಬ್ಬಳಿಗೆ ನೋಟಿಸ್ ಬೋರ್ಡ್ ನೋಡುತ್ತಿರಲು ಹೇಳಬೇಕು. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಕೂಡಲೇ ಅದರ ಒಂದು ಪ್ರತಿಯನ್ನು ಮನೆಯವರು ಪರೀಕ್ಷಾ ವಿಭಾಗಕ್ಕೆ ತಲುಪಿಸಬೇಕು. ಅದರಲ್ಲಿರುವ ಆಪರೇಷನ್ ದಿನಾಂಕ ಅರ್ಜಿಯಲ್ಲಿ ಬರೆದದ್ದಕ್ಕೆ ತಾಳೆಯಾಗುತ್ತದೆಯೇ ಎಂದು ಕೊಡುವ ಮೊದಲೇ ನೋಡಿಕೊಳ್ಳಬೇಕು. ಆಪರೇಷನ್ ಒಂದು ದಿನ ಆಚೀಚೆ ಆಗಿದ್ದರೆ ಅದನ್ನೂ ಎರಡು ಸಾಲಿನಲ್ಲಿ ಬರೆದು ಜೊತೆಗಿಡಬೇಕು.